ನಮ್ಮ ಶೇಂಗಾ ಕಾಣೆಯಾಗಿದ್ದಾಳೆ. ಫೋಟೊ ಇಲ್ಲ, ದಯವಿಟ್ಟು ಗುರುತು ಓದಿ

ಕಲಬುರಗಿಯ ಅಕ್ಕ, ಅಣ್ಣಂದಿರಿಗೆ ನಮಸ್ಕಾರ. ನಮ್ಮ ಮನೆಯ ನಾಯಿ ಶೇಂಗಾ ಮೇ 14, ಗುರುವಾರ ರಾತ್ರಿ 9 ಗಂಟೆ ಸುಮಾರಿಗೆ ಅಪ್ಪನ ಗುಡಿ ಹಿಂದಿನ ನಮ್ಮ ಓಣಿಯಿಂದ ಓಡಿಹೋಗಿದ್ದಾಳೆ. ಮದುವೆ ಮೆರವಣಿಗೆ ಬಂದಿತ್ತು, ಡಿಜೆ ಜೊತೆ ಪಟಾಕಿ ಸರ ಹಚ್ಚಿದರು, ಆ ಸದ್ದಿಗೆ ಹೆದರಿ ಗೇಟಿನ ಸಂದಿಯಿಂದ ನುಸುಳಿ ಅಪ್ಪನ ಕೆರೆ ಕಡೆ ಹೋದಳು. ಮರುದಿನ ಬೆಳಗ್ಗೆ ವಾಕಿಂಗ್‌ಗೆ ಬಂದವರೊಬ್ಬರು ಕೆರೆ ದಂಡೆ ಮೇಲೆ ನೋಡಿದ್ದಾರೆ. ಅದಾದ ಮೇಲೆ ಜಗತ್ ಸರ್ಕಲ್ ಹತ್ತಿರ ಅಂಥದ್ದೇ ನಾಯಿ ಕಂಡಿತು ಅಂತ ಹಾಲಿನವರು ಹೇಳಿದರು, ಆದರೆ ಅದು ಇವಳೇನಾ ಅಂತ ಖಾತ್ರಿ ಇಲ್ಲ.

ಫೋಟೊ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಿದ್ದಾರೆ. ಹೋದ ತಿಂಗಳು ಬಸ್ಸಿನಲ್ಲಿ ನನ್ನ ಫೋನ್ ಕಳುವಾಯಿತು, ಇವಳ ಫೋಟೊ ಎಲ್ಲಾ ಅದರಲ್ಲೇ ಇದ್ದವು. ಆದ್ದರಿಂದ ಒಂದು ಮಾತು. ಈ ಸುದ್ದಿಯ ಜೊತೆ ಯಾವುದಾದರೂ ನಾಯಿಯ ಫೋಟೊ ನಿಮಗೆ ಬಂದರೆ ಅದು ಇವಳದಲ್ಲ. ಯಾರೋ ಒಳ್ಳೆ ಮನಸ್ಸಿನಿಂದಲೇ ಇಂಟರ್ನೆಟ್‌ನಿಂದ ಒಂದು ಕಂದು ನಾಯಿಯ ಚಿತ್ರ ತೆಗೆದು ಸೇರಿಸಿ ಕಳಿಸಿದ್ದಾರೆ. ಅದನ್ನು ನೋಡಿ ಹುಡುಕಿದರೆ ಇವಳು ಎದುರಿಗೇ ನಿಂತಿದ್ದರೂ ಗುರುತು ಸಿಗುವುದಿಲ್ಲ. ಕೆಳಗೆ ಬರೆದಿದ್ದನ್ನೇ ನಂಬಿ.

ಊರ ನಾಯಿ, ಜಾತಿ ನಾಯಿ ಅಲ್ಲ. ಹೆಣ್ಣು, ವಯಸ್ಸು ಸುಮಾರು 4 ವರ್ಷ. ಮೈ ಬಣ್ಣ ಹುರಿದ ಶೇಂಗಾ ಸಿಪ್ಪೆಯ ಹಾಗೆ, ಹೆಸರು ಬಂದಿದ್ದೂ ಅದಕ್ಕೇ. ಬೆನ್ನಿನ ಮೇಲೆ ಬಣ್ಣ ಸ್ವಲ್ಪ ಗಾಢ, ಹೊಟ್ಟೆ ಕಡೆ ತಿಳಿ. ಕೂದಲು ಗಿಡ್ಡ. ಈ ಬಣ್ಣದ ನಾಯಿ ನಮ್ಮ ಊರಿನ ಪ್ರತಿ ಓಣಿಯಲ್ಲೂ ಇವೆ ಅಂತ ಗೊತ್ತು. ಅದಕ್ಕೇ ಬಣ್ಣ ನೋಡಿ ಬಿಟ್ಟುಬಿಡಬೇಡಿ, ಬಿಳಿ ಎಲ್ಲೆಲ್ಲಿದೆ ಅಂತ ನೋಡಿ.

ಮೊದಲು ಮುಂಗಾಲು. ಎಡ ಮುಂಗಾಲು ಮಣಿಕಟ್ಟಿನವರೆಗೆ ಪೂರ್ತಿ ಬಿಳಿ. ಬಲ ಮುಂಗಾಲಿನಲ್ಲಿ ಬೆರಳು ಮಾತ್ರ ಬಿಳಿ, ಅದರಲ್ಲೂ ಹೊರಗಡೆಯ ಒಂದು ಬೆರಳು ಕಂದು. ನಾನು ಎಡ, ಬಲ ಅಂತಿರುವುದು ನಾಯಿಯ ಎಡ, ಬಲ. ಅವಳು ನಿಮ್ಮ ಕಡೆ ಮುಖ ಮಾಡಿ ನಿಂತರೆ ಹೆಚ್ಚು ಬಿಳಿ ಇರುವ ಕಾಲು ನಿಮ್ಮ ಬಲಗೈ ಕಡೆಗೆ ಬರುತ್ತದೆ. ಹಿಂಗಾಲು ಎರಡೂ ಕಂದು, ಬಿಳಿ ಇಲ್ಲವೇ ಇಲ್ಲ.

ಎದೆಯ ಮೇಲೆ ಒಂದು ಬಿಳಿ ಪಟ್ಟೆ ಇದೆ. ಗಂಟಲ ಹತ್ತಿರ ಒಂದು ಬೆರಳಿನಷ್ಟು ಸಣ್ಣಗೆ ಶುರುವಾಗಿ, ಕೆಳಗೆ ಬರ್ತಾ ಬರ್ತಾ ಅಂಗೈಯಷ್ಟು ಅಗಲ ಆಗುತ್ತದೆ. ನೆಟ್ಟಗೆ ಇಲ್ಲ, ಅವಳ ಎಡಕ್ಕೆ ವಾಲಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಗುರುತು ಇದೇ. ಎರೆ ಮಣ್ಣಿನಲ್ಲಿ, ಚರಂಡಿಯಲ್ಲಿ ಓಡಾಡಿದ್ದರೆ ಕಾಲಿನ ಬಿಳಿ ಮುಚ್ಚಿಹೋಗಿರಬಹುದು, ಎದೆಯದು ಅಷ್ಟು ಬೇಗ ಮುಚ್ಚುವುದಿಲ್ಲ.

ಮೂತಿ ಕಪ್ಪು, ಕಣ್ಣಿನ ಕೆಳಗಿನವರೆಗೂ ಕಪ್ಪು ಹಬ್ಬಿದೆ. ಹಣೆಯಿಂದ ಮೂಗಿನ ಕಡೆ ಸಣ್ಣ ಬಿಳಿ ಗೆರೆ ಇಳಿದು ಅರ್ಧಕ್ಕೇ ನಿಲ್ಲುತ್ತದೆ. ಬಲ ಕಿವಿ ನೆಟ್ಟಗೆ ನಿಲ್ಲುತ್ತದೆ, ಎಡ ಕಿವಿಯ ತುದಿ ಮಡಚಿಕೊಂಡಿರುತ್ತದೆ. ಬಾಲ ಮೇಲಕ್ಕೆ ಬಾಗುತ್ತದೆ, ತುದಿಯಲ್ಲಿ ಎರಡು ಬೆರಳಷ್ಟು ಬಿಳಿ. ಆದರೆ ಹೆದರಿದಾಗ ಬಾಲ ಕಾಲ ಸಂದಿಯಲ್ಲಿ ಇಟ್ಟುಕೊಳ್ಳುತ್ತಾಳೆ, ಈಗ ಕಾಣಲಿಕ್ಕಿಲ್ಲ.

ಕಿವಿಯ ಬಗ್ಗೆ ಇನ್ನೊಂದು. ಬೀದಿನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡಿದ ಗುರುತಿಗೆ ಒಂದು ಕಿವಿಯ ಅಂಚು ಸ್ವಲ್ಪ ಕತ್ತರಿಸಿರುತ್ತಾರೆ. ಇವಳಿಗೂ ಆಪರೇಷನ್ ಆಗಿದೆ, ಆದರೆ ನಾವೇ ಡಾಕ್ಟರ್ ಹತ್ತಿರ ಮಾಡಿಸಿದ್ದು, ಹಾಗಾಗಿ ಎರಡೂ ಕಿವಿ ಪೂರ್ತಿ ಇವೆ. ಕಿವಿ ಕತ್ತರಿಸಿದ ನಾಯಿ ಕಂಡರೆ ಅದು ನಮ್ಮ ಶೇಂಗಾ ಅಲ್ಲ. ಹುಚ್ಚುನಾಯಿ ರೋಗದ ಇಂಜೆಕ್ಷನ್ ಈ ವರ್ಷದ್ದೂ ಆಗಿದೆ.

ಎತ್ತರ ಭುಜದ ಹತ್ತಿರ ಒಂದೂವರೆ ಅಡಿ, ಪಕ್ಕದಲ್ಲಿ ನಿಂತರೆ ಬೆನ್ನು ದೊಡ್ಡವರ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಇಂಜೆಕ್ಷನ್ ಮಾಡಿಸುವಾಗ ತೂಗಿದ್ದರು, 15 ಕೆ.ಜಿ. ಇದ್ದಳು. ಉದ್ದ ಕಾಲು, ತೆಳು ಸೊಂಟ. ಈಗ ಊಟ ಇಲ್ಲದೆ ಇನ್ನೂ ಸೊರಗಿರಬಹುದು.

ಕಾಲರ್ ಕೆಂಪು ನೈಲಾನ್ ಪಟ್ಟಿ, ಒಂದು ಇಂಚು ಅಗಲ. ಬಿಸಿಲಿಗೆ ಹೊರಗಡೆ ಬಣ್ಣ ಹೋಗಿ ಗುಲಾಬಿ ಆಗಿದೆ, ಒಳಗಡೆ ಮಾತ್ರ ಇನ್ನೂ ಕೆಂಪು ಇದೆ. ದೂರದಿಂದ ನೋಡಿದವರು ಗುಲಾಬಿ ಅಂತಲೇ ಹೇಳುತ್ತಾರೆ, ಅದೂ ಸರಿ. ಬಕಲ್ ಹತ್ತಿರ ಹರಿದಿತ್ತು, ಚಪ್ಪಲಿ ಹೊಲಿಯುವವರ ಹತ್ತಿರ ಕಪ್ಪು ದಾರದಿಂದ ಹೊಲಿಸಿದ್ದೇವೆ, ಆ ಹೊಲಿಗೆ ಎದ್ದು ಕಾಣುತ್ತದೆ. ಒಂದು ಹಿತ್ತಾಳೆ ಗೆಜ್ಜೆ, ಒಂದು ದುಂಡು ಅಲ್ಯೂಮಿನಿಯಂ ಬಿಲ್ಲೆ ಇದೆ. ಬಿಲ್ಲೆಯ ಮೇಲೆ ಕೆತ್ತಿಸಿದ್ದು ಕಳುವಾದ ಫೋನಿನ ನಂಬರೇ, ಆದರೆ ಅದೇ ನಂಬರಿನ ಸಿಮ್ ಮತ್ತೆ ತೆಗೆದುಕೊಂಡಿದ್ದೇನೆ, ಈಗ ಚಾಲೂ ಇದೆ. ಶೇಂಗಾ ನಿಮ್ಮ ಹತ್ತಿರ ಇದ್ದರೆ ಆ ನಂಬರಿಗೇ ಫೋನ್ ಮಾಡಿ. ಕಾಲರ್ ಎಲ್ಲೋ ಸಿಕ್ಕಿಹಾಕಿಕೊಂಡು ಬಿದ್ದುಹೋಗಿದ್ದರೆ ಕುತ್ತಿಗೆ ನೋಡಿ. ಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ಸುತ್ತಲೂ ಕೂದಲು ಕಡಿಮೆಯಾಗಿ ಒಂದು ಗೆರೆ ಬಿದ್ದಿದೆ. ಬರೀ ಕಾಲರ್ ಸಿಕ್ಕರೂ ತಿಳಿಸಿ, ಯಾವ ಕಡೆ ಹೋಗಿದ್ದಾಳೆ ಅಂತ ಗೊತ್ತಾಗುತ್ತದೆ.

ಕಂಡರೆ ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ, ರಸ್ತೆಗೆ ನುಗ್ಗಿಬಿಡುತ್ತಾಳೆ. ಕಚ್ಚುವ ನಾಯಿ ಅಲ್ಲ, ಆದರೆ ಹೊಸಬರ ಕೈಗೆ ಬರುವುದಿಲ್ಲ, ಅದರಲ್ಲೂ ಕೋಲು ಹಿಡಿದವರನ್ನು ಕಂಡರೆ ನಿಲ್ಲುವುದೇ ಇಲ್ಲ. ಸ್ವಲ್ಪ ದೂರದಲ್ಲೇ ಕುಳಿತು "ಶೇಂಗಾ, ಬಾ ಬಾ" ಅನ್ನಿ. "ಆಜಾ" ಅಂದರೂ ಬರುತ್ತಾಳೆ, ಪಕ್ಕದ ಮನೆ ಭಾಬಿ ದಿನಾ ಹಾಗೇ ಕರೆದು ಊಟ ಹಾಕುತ್ತಿದ್ದರು. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಇಟ್ಟರೆ ಸಾಕು, ಬಿಸ್ಕತ್ತು ಮೂಸಿಯೂ ನೋಡುವುದಿಲ್ಲ. ಹತ್ತಿರ ಬಂದರೆ ಗೇಟಿನ ಒಳಗೆ ಮಾಡಿಕೊಂಡು ನೀರು ಇಡಿ. ಬರದಿದ್ದರೆ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆ ಮುಖ ಮಾಡಿ ಹೋದಳು ಅಂತ ಹೇಳಿ, ಅಷ್ಟೇ ದೊಡ್ಡ ಉಪಕಾರ.

ಈ ಬಿಸಿಲಿನಲ್ಲಿ ಮಧ್ಯಾಹ್ನ ಯಾವ ನಾಯಿಯೂ ರಸ್ತೆಯಲ್ಲಿ ಇರುವುದಿಲ್ಲ. ಅದಕ್ಕೇ ಅಪ್ಪನ ಕೆರೆ, ಬ್ರಹ್ಮಪುರ, ಜಗತ್, ಸೂಪರ್ ಮಾರ್ಕೆಟ್ ಕಡೆಯವರು ನಿಂತ ಲಾರಿ, ಆಟೊ ಕೆಳಗೆ, ಮೆಟ್ಟಿಲುಗಳ ಕೆಳಗೆ, ಕಟ್ಟುತ್ತಿರುವ ಮನೆಗಳ ಒಳಗೆ, ನೀರಿನ ತೊಟ್ಟಿ ಹತ್ತಿರ ಒಂದು ಸಲ ಬಗ್ಗಿ ನೋಡಿ. ಗೋಡೌನ್ ಬಾಗಿಲು ಹಾಕುವ ಮುಂಚೆಯೂ ನೋಡಿ, ಒಳಗೆ ಸಿಕ್ಕಿಬಿದ್ದರೆ ಇವಳು ಬೊಗಳುವುದಿಲ್ಲ, ಮೂಲೆ ಸೇರಿ ಸುಮ್ನೆ ಕೂತುಬಿಡುತ್ತಾಳೆ.

ಒಂದು ಗುರುತನ್ನು ಬೇಕಂತಲೇ ಇಲ್ಲಿ ಬರೆದಿಲ್ಲ. ನಾಯಿ ಸಿಕ್ಕಿದೆ ಅಂದವರಿಗೆ ಅದನ್ನು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಂದುಕೊಟ್ಟವರಿಗೆ 3,000 ರೂಪಾಯಿ ಕೈಯಲ್ಲೇ ಕೊಡುತ್ತೇವೆ. ನಾಯಿ ನೋಡುವ ಮೊದಲು ಯಾರಿಗೂ ದುಡ್ಡು ಕಳಿಸುವುದಿಲ್ಲ. ಪಾಪ ಅಂತ ಯಾರಾದರೂ ಮನೆಯಲ್ಲಿ ಇಟ್ಟುಕೊಂಡಿದ್ದರೆ ನಿಮ್ಮ ಮೇಲೆ ಸ್ವಲ್ಪವೂ ಸಿಟ್ಟಿಲ್ಲ, ಅನ್ನ ನೀರು ಕೊಟ್ಟಿದ್ದಕ್ಕೆ ನಿಮಗೆ ಋಣಿ.

ನಮ್ಮ ಮನೆ ಅಪ್ಪನ ಗುಡಿ ಹಿಂದಿನ ಓಣಿಯಲ್ಲಿ, ನೀಲಿ ಗೇಟು, ಮುಂದೆ ದೊಡ್ಡ ಬೇವಿನ ಮರ. ಓಣಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ಹೇಳಿದರೂ ತಕ್ಷಣ ನಮಗೆ ತಿಳಿಸುತ್ತಾರೆ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಗೇಟು ಬಡಿಯಿರಿ.

ಶೇಂಗಾಳ ಮನೆಯವರು