ಬೆಳಗಿನ ಓದಿನ ಸ್ಟೇಟಸ್‌ಗೆ ಹಿನ್ನೆಲೆ ಚಿತ್ರ

ಹಿನ್ನೆಲೆ ಚಿತ್ರ ಮಾತ್ರ ಬೇಕು, ಪೋಸ್ಟರ್ ಅಲ್ಲ. ಕಾರವಾರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಪರೀಕ್ಷೆ ಮುಗಿಯುವ ತನಕ ದಿನಾ ಬೆಳಿಗ್ಗೆ ಅವರ ಗುಂಪಿಗೆ ಒಂದು ಮಾತು ಹಾಕುವುದಿದೆ. ನಾಳೆಯದು: "ಇವತ್ತಿನ ಪುಟ ಇವತ್ತೇ ಮುಗಿಸು, ನಾಳೆಗೆ ನಾಳೆಯದೇ ಇದೆ." ಇದನ್ನು ಆಮೇಲೆ ನಾನೇ ಟೈಪ್ ಮಾಡಿ ಕೂರಿಸುತ್ತೇನೆ. ಚಿತ್ರದಲ್ಲಿ ಒಂದು ಅಕ್ಷರವೂ ಬೇಡ, ಕನ್ನಡವೂ ಬೇಡ, ಅಕ್ಷರದ ಹಾಗೆ ಕಾಣುವ ಗೀಚೂ ಬೇಡ.

ಅಳತೆ 1080 x 1920 ಪಿಕ್ಸೆಲ್, ಉದ್ದುದ್ದ.

ಬಣ್ಣ ಹೀಗಿರಲಿ. ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮೊದಲು ಟಾಗೋರ್ ಬೀಚಿನಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಸಮುದ್ರದ ಗೆರೆಗೆ ತಾಗಿ ಬೂದು ನೀಲಿ ಪಟ್ಟಿ, ಅದರ ಮೇಲೆ ತೆಳು ಗುಲಾಬಿ, ಅದಕ್ಕೂ ಮೇಲೆ ಮಾಸಿದ ನೀಲಿ ಕಾಣುತ್ತದೆ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಅದೇ ಬೇಕು. ಮೇಲೆ #D5E1E8, ನಡುವೆ #F3DDD4, ಕೆಳಗೆ #AEBBC5. ಪಟ್ಟಿ ಪಟ್ಟಿಯಾಗಿ ಒಡೆದು ಕಾಣಬಾರದು. ಸೂರ್ಯನನ್ನು ಮಾತ್ರ ತರಬೇಡಿ! ನಮ್ಮಲ್ಲಿ ಅವನು ಹುಟ್ಟುವುದು ಘಟ್ಟದ ಕಡೆಯಿಂದ, ಸಮುದ್ರದಲ್ಲಿ ಬಿದ್ದರೆ ಅದು ಸಂಜೆ, ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಮೇಲಿಂದ ಕೆಳಗಿನವರೆಗೆ ಸಣ್ಣ ಮರಳಿನಂಥ ತರಿ ಇರಲಿ, ದೂರದಿಂದ ನೋಡಿದರೆ ಕಾಣಲೇಬಾರದು, ಹತ್ತಿರ ಹಿಡಿದರೆ ಮಾತ್ರ ತಿಳಿಯಬೇಕು. ಬಣ್ಣದ ಪಟ್ಟಿ ಒಡೆಯದಿರುವುದಕ್ಕೂ ಅದು ಬೇಕು. ತೀರಾ ಕೆಳಗಿನ ಕಾಲು ಭಾಗದಲ್ಲಿ ಇಳಿತಕ್ಕೆ ನೀರು ಹಿಂದೆ ಸರಿದಾಗ ಒದ್ದೆ ಮರಳಿನ ಮೇಲೆ ಉಳಿಯುತ್ತದಲ್ಲ, ಆ ಸಣ್ಣ ಅಲೆಗೆರೆ, ಅದು ಮಸುಕಾಗಿ, ಅಡ್ಡಡ್ಡ ಇರಲಿ. ಹೆಜ್ಜೆ ಗುರುತು, ಚಿಪ್ಪು ಬೇಡ.

ಮಾತು ಕೂರುವ ಜಾಗ ನಡುವಿನ ಗುಲಾಬಿ ಭಾಗ, ಮೇಲಿಂದ 600ರಿಂದ 1200 ಪಿಕ್ಸೆಲ್‌ವರೆಗೆ, ಎರಡೂ ಬದಿಗೆ 100 ಬಿಟ್ಟು. ಇಲ್ಲಿ ಗೆರೆ, ಮೋಡ, ಹೊಳಪು ಯಾವುದೂ ಬರಬಾರದು, ತರಿಯೂ ಇನ್ನಷ್ಟು ಕಡಿಮೆಯಾಗಲಿ. ಅಕ್ಷರ ಕಡು ನೀಲಿ, #1F2F3A. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಸಾಲಿನ ನಡುವೆ ಜಾಗ ಜಾಸ್ತಿ ಬೇಕಾಗುತ್ತದೆ, ಅದಕ್ಕೇ ಈ ಖಾಲಿ ಇಷ್ಟು ದೊಡ್ಡದು. ಆದರೆ ಅದು ಅಂಟಿಸಿದ ಡಬ್ಬಿಯ ಹಾಗೆ ಕಾಣಬಾರದು, ಅಂಚು ಸುಮ್ನೆ ಸುತ್ತಲ ಬಣ್ಣದಲ್ಲಿ ಕರಗಿ ಹೋಗಲಿ. ಮೇಲೆ ಕೆಳಗೆ 250 ಪಿಕ್ಸೆಲ್‌ನಲ್ಲೂ ಮುಖ್ಯವಾದದ್ದೇನೂ ಬೇಡ, ಫೋನಿನಲ್ಲಿ ಅಲ್ಲಿ ಹೆಸರು, ಉತ್ತರ ಬರೆಯುವ ಪಟ್ಟಿ ಬಂದು ಕೂರುತ್ತವೆ.

ತೆಂಗಿನ ಮರ, ದೋಣಿ, ತೆರೆದ ಪುಸ್ತಕ, ಗುಡ್ಡದ ತುದಿಯಲ್ಲಿ ಕೈ ಎತ್ತಿ ನಿಂತ ಮನುಷ್ಯ, ಇವು ಯಾವುದೂ ಬೇಡ. ಕೂರ್ಮಗಡ ದ್ವೀಪವೂ ಬೇಡ, ಚಂದವೇ ಹೌದು, ಆದರೆ ಕಣ್ಣು ಮಾತು ಬಿಟ್ಟು ಅಲ್ಲಿಗೇ ಹೋಗುತ್ತದೆ.

ಎರಡು ಚಿತ್ರ ಕೊಡಿ. ಒಂದರಲ್ಲಿ ತರಿ ಹೇಳಿದಷ್ಟೇ, ಇನ್ನೊಂದರಲ್ಲಿ ಒಂಚೂರು ಜಾಸ್ತಿ, ಉಳಿದದ್ದೆಲ್ಲ ಹಾಗೇ.