ಬುಕಿಂಗ್ ಬಾಟ್ ಮೆಸೇಜ್‌ಗಳು, ಇದೇ ಫೈನಲ್

ಸರಸ್ವತಿಪುರಂ ಹಲ್ಲಿನ ಕ್ಲಿನಿಕ್ಕಿನ ವಾಟ್ಸಾಪ್ ಬಾಟ್‌ಗೆ ಹಾಕೋ ಮಾತುಗಳು ಇವು. ಒಂದು ಶುಕ್ರವಾರದ ಸ್ಲಾಟ್ ಇಟ್ಕೊಂಡು ಬರ್ದಿದೀನಿ, ದಿನ, ಟೈಮ್, ದುಡ್ಡು ಸಿಸ್ಟಮ್ಮಿಂದ ಬರ್ಲಿ, ಮಿಕ್ಕಿದ್ದನ್ನ ಮುಟ್ಬೇಡಿ. "ನಾಳೆ" ಅಂತ ಎಲ್ಲೂ ಹಾಕ್ಬೇಡಿ, ರಾತ್ರಿ ಕಳ್ಸಿದ್ದನ್ನ ಜನ ಬೆಳಿಗ್ಗೆ ಎದ್ದು ನೋಡ್ತಾರೆ.

ಬುಕ್ ಆದಾಗ:

"ನಮಸ್ಕಾರ. ನಿಮ್ಮ ಅಪಾಯಿಂಟ್‌ಮೆಂಟ್ ಬುಕ್ ಆಗಿದೆ.
ಜೂನ್ 12, ಶುಕ್ರವಾರ, ಸಂಜೆ 5:30
ಹಲ್ಲು ಕ್ಲೀನಿಂಗ್, ಸುಮಾರು 30 ನಿಮಿಷ. ಹಳೇ ಎಕ್ಸ್‌ರೇ ಇದ್ರೆ ತನ್ನಿ."
ಬಟನ್: ಟೈಮ್ ಬದಲಾಯಿಸಿ / ಕ್ಯಾನ್ಸಲ್ ಮಾಡಿ

ದುಡ್ಡು ಇನ್ನೂ ಬಂದಿಲ್ಲ ಅಂದ್ರೆ:

"ನಿಮ್ಮ ರಿಕ್ವೆಸ್ಟ್ ಬಂದಿದೆ, ಇನ್ನೂ ಬುಕ್ ಆಗಿಲ್ಲ. 200 ರೂಪಾಯಿ ಕಟ್ಟಿದ ತಕ್ಷಣ ಬುಕ್ ಆಗುತ್ತೆ. ಈ ಸ್ಲಾಟ್ ನಿಮಗೋಸ್ಕರ ಸಂಜೆ 7:00ರವರೆಗೆ ಇಟ್ಟಿರ್ತೀವಿ."

ಕ್ಯಾನ್ಸಲ್ ಒತ್ತಿದಾಗ:

"ಜೂನ್ 12, ಶುಕ್ರವಾರ, ಸಂಜೆ 5:30ರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬೇಕಾ?"
ಬಟನ್: ಕ್ಯಾನ್ಸಲ್ ಮಾಡಿ / ಹಾಗೇ ಇರ್ಲಿ

ಇಲ್ಲಿ ಮೊದ್ಲು "ಹೌದು", "ಬೇಡ" ಅಂತ ಇತ್ತಲ್ಲ, ಅದರಿಂದ್ಲೇ ರಗಳೆ ಆಗಿದ್ದು. ಒಬ್ರು ಆಂಟಿ ಅಪಾಯಿಂಟ್‌ಮೆಂಟೇ ಬೇಡ ಅಂತ "ಬೇಡ" ಒತ್ತಿದ್ರು, ಬಾಟು ಕ್ಯಾನ್ಸಲ್ ಬೇಡ ಅಂತ ತಿಳ್ಕೊಳ್ತು, ಡಾಕ್ಟ್ರು ಅರ್ಧ ಗಂಟೆ ಖಾಲಿ ಚೇರ್ ನೋಡ್ಕೊಂಡು ಕೂತ್ರು. ವಾಟ್ಸಾಪ್ ಬಟನ್ನಿಗೆ 20 ಅಕ್ಷರದ ಮಿತಿ, ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ ಆಗುತ್ತೆ, ಆದ್ರೂ ಇವೆರಡೂ ಹಿಡಿಯುತ್ತೆ. ಬಟನ್ ಬಿಟ್ಟು ಬರೀ "ಬೇಡ" ಅಂತ ಟೈಪ್ ಮಾಡಿದ್ರೆ:

"ಯಾವ್ದು ಬೇಡ ಅಂತ ಗೊತ್ತಾಗ್ಲಿಲ್ಲ, ದಯವಿಟ್ಟು ಕೆಳಗಿನ ಬಟನ್ ಒತ್ತಿ. ಅಲ್ಲಿವರೆಗೆ ಜೂನ್ 12ರ ಅಪಾಯಿಂಟ್‌ಮೆಂಟ್ ಹಾಗೇ ಇರುತ್ತೆ."
ಬಟನ್: ಕ್ಯಾನ್ಸಲ್ ಮಾಡಿ / ಹಾಗೇ ಇರ್ಲಿ

ಕ್ಯಾನ್ಸಲ್ ಆದ್ಮೇಲೆ:

"ಜೂನ್ 12, ಶುಕ್ರವಾರ, ಸಂಜೆ 5:30ರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಆಗಿದೆ. ನೀವು ಕಟ್ಟಿದ 200 ರೂಪಾಯಿ ಜೂನ್ 17ರೊಳಗೆ ವಾಪಸ್ ಬರುತ್ತೆ. ಮತ್ತೆ ಬೇಕಾದಾಗ ಇಲ್ಲೇ ಮೆಸೇಜ್ ಮಾಡಿ."

ಯಾಕೆ ಕ್ಯಾನ್ಸಲ್ ಮಾಡಿದ್ರಿ ಅಂತ ಕೇಳೋದು, ಅಳೋ ಇಮೋಜಿ, ಏನೂ ಬೇಡ.

ನಾವೇ ಕ್ಯಾನ್ಸಲ್ ಮಾಡಿದಾಗ (ಕ್ಷಮೆ ಕೇಳೋದು ಇಲ್ಲಿ ಮಾತ್ರ, ಮತ್ತೆ ಪೇಷಂಟ್ ಕಡೆಯಿಂದ ಕೊನೇ ಮೆಸೇಜ್ ಬಂದು 24 ಗಂಟೆ ದಾಟಿದ್ರೆ ಅಪ್ರೂವ್ ಆದ ಟೆಂಪ್ಲೇಟ್ ಮಾತ್ರ ಹೋಗೋದು, ಅದಕ್ಕೆ ಇದನ್ನ ಮೊದ್ಲೇ ಅಪ್ರೂವಲ್‌ಗೆ ಹಾಕಿಡಿ):

"ಕ್ಷಮಿಸಿ, ಜೂನ್ 12, ಶುಕ್ರವಾರ ಡಾಕ್ಟರ್ ಇರಲ್ಲ. ನಿಮ್ಮ ಸಂಜೆ 5:30ರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೀವಿ."
ಬಟನ್: ಬೇರೆ ಟೈಮ್ ಕೊಡಿ / ದುಡ್ಡು ವಾಪಸ್ ಕೊಡಿ

ಟೈಮ್ ಬದಲಾಯಿಸೋಕೆ ಬಂದಾಗ:

"ಹೊಸ ಟೈಮ್ ಆರಿಸಿ. ಅದು ಬುಕ್ ಆಗೋವರೆಗೆ ಜೂನ್ 12, ಶುಕ್ರವಾರ, ಸಂಜೆ 5:30 ನಿಮ್ಮ ಹೆಸರಲ್ಲೇ ಇರುತ್ತೆ."

ಅಷ್ಟರಲ್ಲಿ ಬೇರೆಯವ್ರು ತಗೊಂಡ್ಬಿಟ್ರೆ:

"ಜೂನ್ 15, ಬೆಳಿಗ್ಗೆ 10:30 ಈಗಷ್ಟೇ ಬುಕ್ ಆಗ್ಹೋಯ್ತು. ದಯವಿಟ್ಟು ಬೇರೆ ಟೈಮ್ ಆರಿಸಿ. ನಿಮ್ಮ ಜೂನ್ 12ರ ಅಪಾಯಿಂಟ್‌ಮೆಂಟ್ ಹಾಗೇ ಇದೆ."

ಬದಲಾದ್ಮೇಲೆ:

"ನಿಮ್ಮ ಅಪಾಯಿಂಟ್‌ಮೆಂಟ್ ಟೈಮ್ ಬದಲಾಗಿದೆ.
ಹೊಸ ಟೈಮ್: ಜೂನ್ 15, ಸೋಮವಾರ, ಬೆಳಿಗ್ಗೆ 11:00
ಜೂನ್ 12, ಶುಕ್ರವಾರ ಬರ್ಬೇಕಿಲ್ಲ. ಮತ್ತೆ ದುಡ್ಡು ಕಟ್ಬೇಕಿಲ್ಲ."