ಸೋಲಾರ್ ಹಾಕಿಸಿದರೆ ಬಿಲ್ ಜೀರೋ ಆಗತ್ತಾ ಅಂತ ಕೇಳೋ ಮೊದಲು ಹಳೇ ಬಿಲ್ ಹುಡುಕಿಡಿ

ಫೋಟೋದಲ್ಲಿರೋದು ಶಿವಮೊಗ್ಗ ವಿನೋಬನಗರದ ಒಂದು ಮನೆ. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಪ್ಯಾನಲ್, ಕಳೆದ ವಾರ ನಾವು ಕೂರಿಸಿದ್ದು. ಮೇ ತಿಂಗಳ ಬಿಸಿಲು, ಪ್ಯಾನಲ್ ಫಳಫಳ ಅಂತಿದೆ. ಈ ಬಿಸಿಲು ನೋಡಿ ಲೆಕ್ಕ ಹಾಕಬೇಡಿ ಮಾರಾಯ್ರೆ. ಜುಲೈ ತಿಂಗಳ ಮಳೆ ಫೋಟೋನೂ ಪಕ್ಕದಲ್ಲಿಟ್ಟು ನೋಡಬೇಕು.

ಒಳ್ಳೆ ಬಿಸಿಲಿದ್ದಾಗ 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. 3 ಕಿಲೋವ್ಯಾಟ್ ಅಂದರೆ 12. ಮಳೆ ಹಿಡಿದು ಕೂತ ದಿನ ಅದರಲ್ಲಿ ಅರ್ಧ ಬಂದರೂ ಪುಣ್ಯ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಇದನ್ನ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಮನೆ ಪಕ್ಕದ ತೆಂಗು, ಹಲಸು, ಅಡಿಕೆ ಮರದ ನೆರಳು ಬಿದ್ದರೆ ಇನ್ನೂ ಕಡಿಮೆ. ಅದಕ್ಕೇ ನಾವು ಬಂದು ನೋಡದೆ ಫೋನಲ್ಲಿ ರೇಟು, ಉಳಿತಾಯ ಎರಡನ್ನೂ ಹೇಳುವುದಿಲ್ಲ.

ಈ ಮನೆಯವರಿಗೆ ಬರೆದುಕೊಟ್ಟ ಲೆಕ್ಕ ಹೀಗಿತ್ತು. ತಿಂಗಳಿಗೆ ಅವರು ಬಳಸೋದು ಸುಮಾರು 290 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದೆವು. ಬಿಸಿಲಿನ ಎಂಟು ತಿಂಗಳು ಆ 290 ಪೂರ್ತಿ ಉಳಿಯಬಹುದು, ತಿಂಗಳಿಗೆ 1,740 ರೂಪಾಯಿ. ಮಳೆಯ ನಾಲ್ಕು ತಿಂಗಳು 140 ಯೂನಿಟ್ ಅಷ್ಟೇ ಹಿಡಿದೆವು, 840 ರೂಪಾಯಿ. ವರ್ಷಕ್ಕೆ ಎಲ್ಲ ಸೇರಿ 17 ಸಾವಿರದ ಆಸುಪಾಸು. ಖರ್ಚು 1,98,000, ಸಬ್ಸಿಡಿ 78,000 ಬಂದರೆ ಕೈಯಿಂದ ಹೋಗೋದು 1,20,000. ಅಂದರೆ ದುಡ್ಡು ವಾಪಸ್ ಬರೋಕೆ ಏಳು ವರ್ಷ. ತೊಳೆಯೋದು, ಸಣ್ಣಪುಟ್ಟ ರಿಪೇರಿ ಸೇರಿಸಿದರೆ ಎಂಟು. "ಮೂರೇ ವರ್ಷ ಅಂತ ಬೇರೆಯವರು ಹೇಳಿದರಲ್ಲ" ಎಂದರು. ಹಾಗಾದರೆ ಮಳೆಗಾಲಕ್ಕೆ ಎಷ್ಟು ಯೂನಿಟ್ ಹಿಡಿದಿದ್ದಾರೆ ಕೇಳಿ ಅಂದೆವು.

ಬಿಲ್ ಪೂರ್ತಿ ಸೊನ್ನೆ ಆಗುತ್ತದೆ ಅಂತ ನಾವು ಹೇಳಿಲ್ಲ. ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕ ಇದ್ದೇ ಇರುತ್ತದೆ. ನೀವು ಬಳಸಿ ಉಳಿದು ಮೆಸ್ಕಾಂ ಗ್ರಿಡ್‌ಗೆ ಹೋದ ಯೂನಿಟ್‌ಗೆ ಸಿಗೋ ದರ ನೀವು ಕೊಡೋ ದರಕ್ಕಿಂತ ಕಡಿಮೆ. ಸುಮ್ನೆ ದೊಡ್ಡದು ಹಾಕಿಸಿದರೆ ಜಾಸ್ತಿ ಲಾಭ ಅನ್ನೋದು ತಪ್ಪು. ಇನ್ನು ಗೃಹಜ್ಯೋತಿಯಲ್ಲಿ ನಿಮಗೆ ಈಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಉಳಿಸೋಕೆ ಏನಿದೆ? ಅಂಥವರಿಗೆ ಈಗ ಬೇಡ ಅಂತಲೇ ಹೇಳಿ ಕಳಿಸುತ್ತೇವೆ.

ಮತ್ತೊಂದು ವಿಷಯ, ಮಲೆನಾಡಲ್ಲಿ ಇದನ್ನ ಮೊದಲೇ ಹೇಳದಿದ್ದರೆ ಆಮೇಲೆ ಬೈಸಿಕೊಳ್ಳೋದು ನಾವೇ. ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಕೂಡ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರೋ ಹೈಬ್ರಿಡ್. ಬ್ಯಾಟರಿ ಖರ್ಚು ಬೇರೆ, ಅದಕ್ಕೆ ಸಬ್ಸಿಡಿ ಇಲ್ಲ.

ಸಬ್ಸಿಡಿ ಪಿಎಂ ಸೂರ್ಯಘರ್ ಯೋಜನೆಯದು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅದರ ಮೇಲೆ ಎಷ್ಟು ಹಾಕಿದರೂ 78,000 ದಾಟುವುದಿಲ್ಲ. ಭಾರತದಲ್ಲೇ ತಯಾರಾದ ಸೆಲ್ ಇರೋ ಪ್ಯಾನಲ್ಲೇ ಆಗಬೇಕು. ದುಡ್ಡು ನಮಗಲ್ಲ, ನೇರ ನಿಮ್ಮ ಬ್ಯಾಂಕ್ ಖಾತೆಗೆ. ಹಾಗಾಗಿ ಮೊದಲು ಪೂರ್ತಿ ಮೊತ್ತ ಅಥವಾ ಸಾಲ ನಿಮ್ಮ ಕಡೆಯಿಂದಲೇ ಹೊಂದಿಸಬೇಕು. ಸಬ್ಸಿಡಿ ಇಂಥ ದಿನವೇ ಬರುತ್ತದೆ ಅಂತ ನಾವು ಮಾತು ಕೊಡುವುದಿಲ್ಲ. ಆ ದುಡ್ಡು ನಂಬಿ ಮದುವೆ, ಫೀಸು ಇಟ್ಟುಕೊಳ್ಳಬೇಡಿ.

ಕಾಗದ ಪತ್ರದಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳೋದು ಒಂದೇ ಕಡೆ: ಹೆಸರು. ಎಷ್ಟೋ ಮನೆಗಳಲ್ಲಿ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ. ಅಪ್ಪನ ಆಧಾರ್‌ನಲ್ಲಿ ಒಂದು ಅಕ್ಷರ, ಪಾಸ್‌ಬುಕ್‌ನಲ್ಲಿ ಇನ್ನೊಂದು. ಮೊದಲು ಮೆಸ್ಕಾಂನಲ್ಲಿ ಹೆಸರು ಬದಲಾಯಿಸಿಕೊಳ್ಳಿ, ಆಮೇಲೆ pmsuryaghar.gov.in ನಲ್ಲಿ ಅರ್ಜಿ. ಮೆಸ್ಕಾಂ ಒಪ್ಪಿಗೆ, ಪ್ಯಾನಲ್ ಕೂರಿಸೋದು, ಬಂದ ಹೋದ ಯೂನಿಟ್ ಎರಡನ್ನೂ ಅಳೆಯೋ ನೆಟ್ ಮೀಟರ್, ಅಧಿಕಾರಿಗಳ ಪರಿಶೀಲನೆ, ಕೊನೆಗೆ ಬ್ಯಾಂಕ್ ವಿವರ ಹಾಕಿ ಸಬ್ಸಿಡಿ ಕೋರಿಕೆ. ಫಾರಂ ತುಂಬೋಕೆ ಜೊತೆಗೆ ಕೂರುತ್ತೇವೆ. ಒಟಿಪಿ ಮಾತ್ರ ನೀವೇ ಟೈಪ್ ಮಾಡಿ, ನಮಗೂ ಹೇಳಬೇಡಿ.

ಹಂಚಿನ ಮನೆಯವರು, ಮಂಗನ ಕಾಟ ಇರೋರು ಕಾಮೆಂಟಲ್ಲಿ ತಿಳಿಸಿ, ಅದಕ್ಕೆ ಬೇರೆ ಪೋಸ್ಟ್ ಹಾಕುತ್ತೇವೆ. ಉಳಿದವರು 12 ತಿಂಗಳ ಬಿಲ್ ಮತ್ತು ಮಧ್ಯಾಹ್ನ 12ಕ್ಕೆ ತಾರಸಿ ಮೇಲೆ ನಿಂತು ತೆಗೆದ ನಾಲ್ಕು ದಿಕ್ಕಿನ ಫೋಟೋ ಮೆಸೇಜಿಗೆ ಕಳಿಸಿ. ಬಂದು ನೋಡಿ, ಲೆಕ್ಕ ಬರೆದೇ ಕೊಡುತ್ತೇವೆ. ಬೇಡ ಅನಿಸಿದರೆ ಅದನ್ನೂ ಬರೆದು ಕೊಡುತ್ತೇವೆ.

#ಶಿವಮೊಗ್ಗ #ಮಲೆನಾಡು #ತಾರಸಿಸೋಲಾರ್